ಒಂದೇ ಹಾಡು, ಎರಡು ಹಕ್ಕು: ಆ್ಯಪ್‌ನಲ್ಲಿ ಓಡಿದ ಹಾಡಿನ ರೊಕ್ಕ ಯಾರಿಗೆ?

ಪ್ರಶ್ನೆ: ಸರ್, ನಮ್ದು ಆಳಂದ ತಾಲೂಕು. ಜಾನಪದ ಹಾಡು ಹಾಡ್ತೀನಿ. ಸಾಹಿತ್ಯ ನಮ್ಮೂರ ಗೆಳೆಯ ಬರೀತಾನ, ಧಾಟಿ ನಂದು. ಕಲಬುರಗಿ ಸ್ಟುಡಿಯೋದಾಗ 12,000 ಕೊಟ್ಟು ರೆಕಾರ್ಡ್ ಮಾಡಿಸ್ತೀವಿ. ಮೊದಲ್ನೇ ಹಾಡು ಒಂದು ಆಡಿಯೋ ಕಂಪನಿಯವ್ರು 15,000 ಕೊಟ್ಟು, ಬಾಂಡ್ ಮ್ಯಾಲ ನಮ್ಮಿಬ್ಬರ ಸಹಿ ಹಾಕಿಸ್ಕೊಂಡು ತೊಗೊಂಡ್ರು. ಅವರ ಚಾನೆಲ್‌ದಾಗ 14 ಲಕ್ಷ ವ್ಯೂ ಆಗ್ಯಾವ, ನಮಗ ಮತ್ತ ಏನೂ ಬಂದಿಲ್ಲ. ಎರಡನೇದು ನಾನೇ ಆನ್‌ಲೈನ್ ಡಿಸ್ಟ್ರಿಬ್ಯೂಟರ್ ಕಡಿಂದ ಬಿಟ್ಟೆ. 40,000 ಪ್ಲೇ ಆದ್ರೂ ಬಂದಿದ್ದು 1,700 ರೂಪಾಯಿ. ಅದರಾಗ ಗೆಳೆಯ ಪಾಲು ಕೇಳಾಕತ್ಯಾನ. ಈಗ ಅದೇ ಕಂಪನಿಯವ್ರು "ಲೇಬಲ್, ಡಿಸ್ಟ್ರಿಬ್ಯೂಷನ್, ಪಬ್ಲಿಷಿಂಗ್ ಎಲ್ಲಾ ನಾವೇ ನೋಡ್ಕೋತೀವಿ, ಎರಡನೇದೂ ಕೊಡ್ರಿ" ಅಂತಾರ. ಈ ಮೂರೂ ಬ್ಯಾರೆ ಬ್ಯಾರೆನಾ? ರೊಕ್ಕ ಯಾರ್ ತಿಂತಾರ ಸರ್?

ಉತ್ತರ: ಮೂರೂ ಬೇರೆ ಬೇರೆ ಕೆಲಸಗಳು. ಒಂದೇ ಕಂಪನಿ ಮೂರನ್ನೂ ಮಾಡಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೂರನ್ನೂ ಒಂದೇ ಸಹಿಯಲ್ಲಿ ಕೊಟ್ಟರೆ ಯಾವುದಕ್ಕೆ ಎಷ್ಟು ಕೊಟ್ಟಿರಿ ಅನ್ನುವುದು ನಿಮಗೇ ತಿಳಿಯುವುದಿಲ್ಲ. ನಿಮ್ಮ ಮೊದಲ ಹಾಡಿಗೆ ಆಗಿರುವುದು ಅದೇ ಇರಬೇಕು. ಎರಡನೆಯ ಹಾಡಿನಲ್ಲಿ ಇನ್ನೊಂದು ತರದ ನಷ್ಟ ಇದೆ. ಅಲ್ಲಿ ಯಾರೂ ರೊಕ್ಕ ತಿಂದಿಲ್ಲ. ಒಂದು ಪಾಲನ್ನು ಯಾರೂ ಹೋಗಿ ಕೇಳಿಲ್ಲ, ಅಷ್ಟೇ. ಹಾಡುಗಳ ಹಕ್ಕು ಮತ್ತು ರಾಯಲ್ಟಿ ಲೆಕ್ಕ ನೋಡುವುದೇ ನನ್ನ ಕೆಲಸ. ನಮ್ಮ ಕಡೆಯ ಕಲಾವಿದರ ಸ್ಟೇಟ್‌ಮೆಂಟ್‌ಗಳಲ್ಲಿ ಈ ಕೇಳದೆ ಬಿಟ್ಟ ಪಾಲು ತುಂಬಾ ಸಲ ಕಣ್ಣಿಗೆ ಬೀಳುತ್ತದೆ.

ಮೊದಲು ಹಕ್ಕಿನ ಮಾತು. ನೀವು ಸ್ಟುಡಿಯೋದಿಂದ ಹೊರಗೆ ಬಂದಾಗ ನಿಮ್ಮ ಕೈಯಲ್ಲಿ ಒಂದು ಹಾಡು ಇತ್ತು, ಆದರೆ ಆಸ್ತಿ ಎರಡು ಇದ್ದವು. ಒಂದು, ಗೆಳೆಯ ಬರೆದ ಸಾಹಿತ್ಯ ಮತ್ತು ನೀವು ಕಟ್ಟಿದ ಧಾಟಿ. ನಾಳೆ ಬೀದರ್‌ನ ಇನ್ಯಾರೋ ಅದೇ ಪದವನ್ನು ಅದೇ ಧಾಟಿಯಲ್ಲಿ ಹಾಡಿದರೂ ಈ ಆಸ್ತಿ ನಿಮ್ಮಿಬ್ಬರದ್ದೇ. ಎರಡನೆಯದು, ಆ ದಿನ ಮೈಕ್ ಮುಂದೆ ಹಾಡಿ ತಯಾರಾದ ಧ್ವನಿಮುದ್ರಣ. ಇದನ್ನು ಮಾಸ್ಟರ್ ಅನ್ನುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಈ ಮೂರಕ್ಕೂ ಪ್ರತ್ಯೇಕ ಹಕ್ಕು ಕೊಡುತ್ತದೆ. ವ್ಯವಹಾರದಲ್ಲಿ ಮೊದಲ ಎರಡನ್ನು ಒಂದು ಗುಂಪು, ಮುದ್ರಣವನ್ನು ಇನ್ನೊಂದು ಗುಂಪು ಅಂತ ನೋಡುತ್ತಾರೆ. ಆ್ಯಪ್‌ನಿಂದ ಬರುವ ಹಣವೂ ಹೀಗೆಯೇ ಎರಡು ದಾರಿಯಲ್ಲಿ ಬರುತ್ತದೆ.

ಮಾಸ್ಟರ್ ಯಾರದ್ದು? ಸ್ಟುಡಿಯೋದವರದ್ದು ಅಂತ ಬಹಳ ಜನ ತಿಳಿದಿದ್ದಾರೆ, ಯಾಕೆಂದರೆ ಪ್ರಾಜೆಕ್ಟ್ ಫೈಲ್ ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಮುದ್ರಣ ಮಾಡಿಸಲು ಮುಂದೆ ಬಂದು, ಅದರ ಜವಾಬ್ದಾರಿ ಹೊತ್ತವರೇ ನಿರ್ಮಾಪಕರು, ಹಕ್ಕು ಅವರದ್ದು. ನೀವೇ ಹಾಡು ಗೊತ್ತು ಮಾಡಿ, ನೀವೇ 12,000 ಕೊಟ್ಟು ಮಾಡಿಸಿದ್ದರೆ ನಿರ್ಮಾಪಕರು ನೀವೇ. ಸ್ಟುಡಿಯೋಗೆ ಕೊಟ್ಟದ್ದು ಕೂಲಿ. ಮುಂದಿನ ಸಲ ಹಣ ಕೊಡುವಾಗ "ಈ ಮುದ್ರಣದ ಮೇಲೆ ನಮ್ಮ ಹಕ್ಕು ಇಲ್ಲ" ಅಂತ ಬಿಲ್ ಮೇಲೇ ಒಂದು ಸಾಲು ಬರೆಸಿಕೊಳ್ಳಿ, ವೇವ್ ಫೈಲನ್ನೂ ಕೇಳಿ ತನ್ನಿ.

ಈಗ ಮೂವರ ಕೆಲಸಕ್ಕೆ ಬರೋಣ. ಮಾಸ್ಟರ್ ಅನ್ನು ಕೈಯಲ್ಲಿ ಇಟ್ಟುಕೊಂಡವರು ಲೇಬಲ್. ಖರೀದಿ ಮಾಡಿರಬಹುದು, ಅಥವಾ ಕೆಲವು ವರ್ಷಕ್ಕೆ ಪಡೆದಿರಬಹುದು. ವಿಡಿಯೋಗೆ, ಪ್ರಚಾರಕ್ಕೆ ದುಡ್ಡು ಹಾಕುವವರು ಅವರು. ಹಾಡು ಮುಳುಗಿದರೆ ಕಳೆದುಕೊಳ್ಳುವವರೂ ಅವರೇ. ನಾವು ಆಡಿಯೋ ಕಂಪನಿ ಅನ್ನುವುದು ಇವರನ್ನೇ. ನೀವು ಎರಡನೆಯ ಹಾಡನ್ನು ಸ್ವಂತಕ್ಕೆ ಬಿಟ್ಟಿರಲ್ಲ, ಆ ಹಾಡಿಗೆ ಲೇಬಲ್ ನೀವೇ.

ಡಿಸ್ಟ್ರಿಬ್ಯೂಟರ್ ಅಂದರೆ ನಮ್ಮ ಎಪಿಎಂಸಿಯ ಅಡತಿಯವರಿದ್ದಂತೆ. ನಿಮ್ಮ ತೊಗರಿಯನ್ನು ಮಾರಿಸಿಕೊಡುತ್ತಾರೆ, ಪಟ್ಟಿ ಕೊಡುತ್ತಾರೆ, ಕಮಿಷನ್ ಹಿಡಿದು ಉಳಿದದ್ದು ಕೊಡುತ್ತಾರೆ. ತೊಗರಿ ಅವರದ್ದಾಗುವುದಿಲ್ಲ. ಹಾಗೆಯೇ ಡಿಸ್ಟ್ರಿಬ್ಯೂಟರ್ ಹತ್ತಿರ ಹಾಡು ಹಾಕಿದ ಮಾತ್ರಕ್ಕೆ ಕಾಪಿರೈಟ್ ಹೋಗುವುದಿಲ್ಲ. ಅವರು ಫೈಲ್, ಚಿತ್ರ, ಹೆಸರುಗಳನ್ನು ಎಲ್ಲಾ ಆ್ಯಪ್‌ಗಳಿಗೆ ಕಳಿಸುತ್ತಾರೆ. ನಿಮ್ಮ ಮುದ್ರಣಕ್ಕೆ ISRC ಅನ್ನುವ 12 ಅಕ್ಷರ-ಅಂಕಿಗಳ ಗುರುತು ಹಾಕಿಸುತ್ತಾರೆ. ಯಾವ ಆ್ಯಪ್‌ನಲ್ಲಿ ಎಷ್ಟು ಸಲ ಓಡಿತು ಅನ್ನುವ ಲೆಕ್ಕ ಆ ಗುರುತಿನ ಮೇಲೆ ಬರುತ್ತದೆ. ಕೆಲವರು ವರ್ಷಕ್ಕೆ ಇಷ್ಟು ಅಂತ ಚಂದಾ ತೆಗೆದುಕೊಂಡು ಗಳಿಕೆ ಪೂರ್ತಿ ಕೊಡುತ್ತಾರೆ. ಕೆಲವರು ಚಂದಾ ಕೇಳದೆ ಗಳಿಕೆಯಲ್ಲಿ ನೂರಕ್ಕೆ ಇಷ್ಟು ಅಂತ ಹಿಡಿಯುತ್ತಾರೆ.

ಪಬ್ಲಿಷರ್ ನೋಡುವುದು ಸಾಹಿತ್ಯ ಮತ್ತು ಧಾಟಿಯ ಹಕ್ಕನ್ನು. ಮುದ್ರಣಕ್ಕೂ ಅವರಿಗೂ ಸಂಬಂಧ ಇಲ್ಲ. ಯಾರು ಬರೆದರು, ಯಾರು ಕಟ್ಟಿದರು, ಯಾರ ಪಾಲು ಎಷ್ಟು ಅಂತ ನೋಂದಾಯಿಸುವುದು, ಹಾಡು ಎಲ್ಲೆಲ್ಲಿ ಬಳಕೆಯಾಯಿತೋ ಅಲ್ಲಿಂದ ವಸೂಲಿ ಮಾಡುವುದು, ಸಿನಿಮಾದವರು ಜಾಹೀರಾತಿನವರು ಕೇಳಿದರೆ ಪರವಾನಗಿ ಕೊಡುವುದು, ಇದು ಅವರ ಕೆಲಸ. ಕನ್ನಡದ ಸಣ್ಣ ಆಡಿಯೋ ಕಂಪನಿಗಳಲ್ಲಿ ಪ್ರತ್ಯೇಕ ಪಬ್ಲಿಷರ್ ಇರುವುದು ಕಡಿಮೆ. ಬಾಂಡ್‌ನಲ್ಲಿ "ಸಾಹಿತ್ಯ, ಸಂಗೀತ ಸೇರಿ ಸಕಲ ಹಕ್ಕುಗಳು" ಅಂತ ಬರೆಸಿಕೊಂಡಾಗ ಲೇಬಲ್ಲೇ ಪಬ್ಲಿಷರ್ ಕೂಡ ಆಗಿಬಿಡುತ್ತದೆ. ಕಂಪನಿಯವರು ನಿಮಗೆ ಹೇಳಿದ "ಎಲ್ಲಾ ನಾವೇ ನೋಡ್ಕೋತೀವಿ" ಅನ್ನುವುದರ ಒಳಗೆ ಇರುವುದು ಇದು.

ಇನ್ನು ರೊಕ್ಕದ ಲೆಕ್ಕ. ಒಂದು ಪ್ಲೇಗೆ ಇಷ್ಟು ಪೈಸೆ ಅನ್ನುವ ದರ ಸ್ಪಾಟಿಫೈನಂಥ ಆ್ಯಪ್‌ಗಳಲ್ಲಿ ಇಲ್ಲ. ನಿಮ್ಮ 1,700 ರೂಪಾಯಿಯನ್ನು 40,000ದಿಂದ ಭಾಗಿಸಿದರೆ ಸುಮಾರು 4 ಪೈಸೆ ಬರುತ್ತದೆ ನಿಜ, ಆದರೆ ಅದು ಕೊನೆಯಲ್ಲಿ ನಾವು ತೆಗೆದ ಸರಾಸರಿ. ನಡೆಯುವುದು ಹೀಗೆ: ಒಂದು ದೇಶದಲ್ಲಿ ಆ ತಿಂಗಳು ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣವನ್ನು ಆ್ಯಪ್ ಒಟ್ಟುಗೂಡಿಸುತ್ತದೆ. ತನ್ನ ಪಾಲು ತೆಗೆದು ಉಳಿದದ್ದನ್ನು, ಒಟ್ಟು ಕೇಳಿಕೆಯಲ್ಲಿ ಯಾರ ಹಾಡು ಎಷ್ಟು ಭಾಗವೋ ಅಷ್ಟು ಹಂಚುತ್ತದೆ. ಹಕ್ಕುದಾರರಿಗೆ ಹೋಗುವುದು ಸುಮಾರು ಮೂರರಲ್ಲಿ ಎರಡು ಭಾಗ. ಚಂದಾ ಕಟ್ಟಿದವರು ಕೇಳಿದರೆ ಜಾಸ್ತಿ, ಜಾಹೀರಾತಿನ ನಡುವೆ ಪುಕ್ಕಟೆ ಕೇಳಿದರೆ ತೀರಾ ಕಡಿಮೆ. ದುಬೈನಲ್ಲಿ ದುಡಿಯುವ ನಮ್ಮ ಕಡೆಯ ಹುಡುಗ ಅಲ್ಲಿಯ ಚಂದಾದಲ್ಲಿ ಕೇಳಿದ್ದಕ್ಕೂ, ಊರಲ್ಲಿ ಬಸ್ಸಿನಲ್ಲಿ ಕೂತು ಪುಕ್ಕಟೆ ಕೇಳಿದ್ದಕ್ಕೂ ಹಲವು ಪಟ್ಟು ವ್ಯತ್ಯಾಸ ಇರುತ್ತದೆ. ನಿಮ್ಮ ಕೇಳುಗರು ಹೆಚ್ಚಿನವರು ಪುಕ್ಕಟೆ ಕೇಳುವವರಾದರೆ 1,700 ಅನುಮಾನ ಪಡುವಂಥ ಮೊತ್ತ ಅಲ್ಲ.

ಇನ್ನೆರಡು ನಿಯಮ ತಿಳಿದಿರಲಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ ಮೇಲೆ ಒಂದು ಪ್ಲೇ ಅಂತ ಲೆಕ್ಕ. 2024ರಿಂದ ಇನ್ನೊಂದು ಬಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದ ಹಾಡಿನ ಮುದ್ರಣಕ್ಕೆ ಅವರು ಹಣವನ್ನೇ ಕೊಡುವುದಿಲ್ಲ. ಹೊಸಬರು "ನನ್ನ ಎಂಟು ಹಾಡಿಗೆ ಸೊನ್ನೆ ಬಂದಿದೆ, ಡಿಸ್ಟ್ರಿಬ್ಯೂಟರ್ ಮೋಸ ಮಾಡಿದ" ಅಂತ ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಹಾಡಿನ ಭಾಗಕ್ಕೆ ಆ್ಯಪ್‌ನಲ್ಲಿ 10,000 ರೂಪಾಯಿ ಹುಟ್ಟಿತು ಅಂದುಕೊಳ್ಳಿ. ಮುಂದಿನ ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡವು. ನಿಜವಾದ ಪ್ರಮಾಣ ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ, ನಮ್ಮ ದೇಶದಲ್ಲಿ ಸಾಹಿತ್ಯ-ಧಾಟಿಯ ಭಾಗ ಇದಕ್ಕಿಂತ ಕಡಿಮೆಯೂ ಇರಬಹುದು. ಆ್ಯಪ್ 3,200 ಇಟ್ಟುಕೊಂಡಿತು. ಮಾಸ್ಟರ್ ದಾರಿಗೆ 5,600 ಹೋಯಿತು. ಸಾಹಿತ್ಯ-ಧಾಟಿಯ ದಾರಿಗೆ 1,200 ಹೋಯಿತು.

ಮಾಸ್ಟರ್‌ನ 5,600 ಡಿಸ್ಟ್ರಿಬ್ಯೂಟರ್ ಕೈಗೆ ಬರುತ್ತದೆ. ನೂರಕ್ಕೆ 15ರಂತೆ 840 ಹಿಡಿದರೆ ಉಳಿದದ್ದು 4,760. ಹಾಡು ನಿಮ್ಮದೇ ಆಗಿದ್ದರೆ ಅಷ್ಟೂ ನಿಮಗೆ. ನಡುವೆ ಲೇಬಲ್ ಇದ್ದು, ನಿಮಗೆ ನೂರಕ್ಕೆ 20 ಅಂತ ಒಪ್ಪಂದ ಆಗಿದ್ದರೆ ನಿಮ್ಮ ಪಾಲು 952. ಆದರೆ ಅದು ಕೂಡ ತಕ್ಷಣ ಕೈಗೆ ಬರುವುದಿಲ್ಲ. ಕೊಟ್ಟ 15,000 ಮುಂಗಡ ಅಂತ ಬರೆದಿದ್ದರೆ, ಅದನ್ನು ನಿಮ್ಮ ಪಾಲಿನಿಂದ ಮುರಿದುಕೊಳ್ಳುತ್ತಾರೆ. ನೂರಕ್ಕೆ 20ರ ಪಾಲಿನಲ್ಲಿ 15,000 ತೀರಬೇಕಾದರೆ ಲೇಬಲ್‌ಗೆ 75,000 ಬರಬೇಕು. ವಿಡಿಯೋ ಖರ್ಚನ್ನೂ ನಿಮ್ಮ ಲೆಕ್ಕಕ್ಕೆ ಹಾಕಿದ್ದರೆ ಇನ್ನೂ ದೂರ. ಮುಂಗಡ ಅಂತ ಬರೆಯದೆ ಪೂರ್ತಿ ಖರೀದಿ ಅಂತ ಬರೆದಿದ್ದರೆ, ಮಾಸ್ಟರ್ ಕಡೆಯಿಂದ ನಿಮಗೆ ಮತ್ತೆ ಏನೂ ಇಲ್ಲ. 14 ಲಕ್ಷ ಆದರೂ ಅಷ್ಟೇ, 14 ಕೋಟಿ ಆದರೂ ಅಷ್ಟೇ.

ಇನ್ನು 1,200. ಇದು ಸಾಮಾನ್ಯವಾಗಿ ನಿಮ್ಮ ಡಿಸ್ಟ್ರಿಬ್ಯೂಟರ್ ಹತ್ತಿರ ಬರುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಲ್ಲಿ ಶುರುವಾದದ್ದು. ಕಾಪಿರೈಟ್ ಸೊಸೈಟಿಯಾಗಿ ಹೊಸದಾಗಿ ನೋಂದಣಿ ಸಿಕ್ಕಿದ್ದು 2017ರಲ್ಲಿ. ಸಾಹಿತಿ, ಸಂಗೀತ ಸಂಯೋಜಕ, ಪಬ್ಲಿಷರ್ ಇದರ ಸದಸ್ಯರಾಗಬಹುದು. ಆಡಳಿತ ಖರ್ಚು ಹಿಡಿದು 1,080 ಉಳಿಯಿತು ಅನ್ನಿ. ಪಬ್ಲಿಷರ್ ಇದ್ದರೆ ಸಾಮಾನ್ಯವಾಗಿ ಅವರಿಗೆ ಅರ್ಧ 540, ಸಾಹಿತಿಗೆ 270, ಸಂಯೋಜಕನಿಗೆ 270. ಪಬ್ಲಿಷರ್‌ಗೆ ಹಕ್ಕು ಕೊಟ್ಟಿರದಿದ್ದರೆ ಗೆಳೆಯನಿಗೆ 540, ನಿಮಗೆ 540. ಆದರೆ ನೀವಿಬ್ಬರೂ ಸದಸ್ಯರಾಗದೆ, ಹಾಡು ನೋಂದಾಯಿಸದೆ ಇದ್ದರೆ ಯಾರಿಗೆ ಕೊಡಬೇಕು ಅಂತ ಸಂಸ್ಥೆಗೆ ಗೊತ್ತಾಗುವುದು ಹೇಗೆ? ಆ ದುಡ್ಡು ಹೆಸರಿಲ್ಲದೆ ಕೂತಿರುತ್ತದೆ.

ನಿಮ್ಮ ಗೆಳೆಯನ ಪಾಲಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಿಮಗೆ ಬಂದ 1,700 ಮಾಸ್ಟರ್‌ನ ದುಡ್ಡು. ಅವರಿಗೆ ಅದರಲ್ಲಿ ಪಾಲು ಕೊಡುವುದಾಗಿ ನೀವು ಮಾತು ಕೊಟ್ಟಿದ್ದರೆ ಕೊಡಿ, ಊರ ಗೆಳೆತನ ದೊಡ್ಡದು. ಆದರೆ ಸಾಹಿತಿಯಾಗಿ ಅವರಿಗೆ ಹಕ್ಕಿನಿಂದ ಬರಬೇಕಾದದ್ದು ಎರಡನೆಯ ದಾರಿಯಲ್ಲಿದೆ, ಅದನ್ನು ನೀವು ತಡೆದಿಲ್ಲ. ಕೆಲವು ಆ್ಯಪ್‌ಗಳ ಒಪ್ಪಂದದಲ್ಲಿ ಎರಡೂ ಭಾಗ ಸೇರಿ ಡಿಸ್ಟ್ರಿಬ್ಯೂಟರ್ ಕಡೆಗೇ ಬರುವುದೂ ಉಂಟು. ಹಾಗಾಗಿ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಡಿಸ್ಟ್ರಿಬ್ಯೂಟರ್ ಷರತ್ತಿನಲ್ಲಿ ಪಬ್ಲಿಷಿಂಗ್ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ, ಇಬ್ಬರೂ ಕೂತು ನೋಡಿ.

ಹಾಡಿದವರಿಗೆ ಏನು ಅಂತ ಕೇಳಬಹುದು. ಹಾಡುಗಾರರಿಗೂ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ, 2012ರ ತಿದ್ದುಪಡಿ ಅವರ ರಾಯಲ್ಟಿ ಬಗ್ಗೆಯೂ ಮಾತಾಡುತ್ತದೆ. ಆದರೆ ಸ್ಟ್ರೀಮಿಂಗ್‌ನಲ್ಲಿ ಹಾಡುಗಾರರ ಕೈಗೆ ಬೀಳುವುದು ಬಹುಪಾಲು ಲೇಬಲ್ ಜೊತೆಗಿನ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ. ನೀವು ಹಾಡುಗಾರರು, ಸಂಯೋಜಕರು, ಎರಡನೆಯ ಹಾಡಿಗೆ ಮಾಸ್ಟರ್ ಮಾಲೀಕರು ಮೂರೂ ಆಗಿರುವುದರಿಂದ ಮೂರು ಪಾತ್ರಗಳಿಗೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಮೊದಲ ಹಾಡಿನ ಬಾಂಡ್‌ಗೆ ಬರುತ್ತೇನೆ. "ಸಹಿ ಆಯ್ತು, ಮುಗೀತು" ಅನ್ನುವುದು ಅರ್ಧ ನಿಜ. ಮಾಸ್ಟರ್ ಕೊಟ್ಟದ್ದು ಕೊಟ್ಟಂತೆಯೇ. ಆದರೆ ಬಾಂಡ್ ತೆಗೆದು ಮೂರು ವಿಷಯ ನೋಡಿ.

ಮೊದಲನೆಯದು ಅವಧಿ. ಎಷ್ಟು ವರ್ಷ ಅಂತ ಬರೆಯದೆ ಬಿಟ್ಟಿದ್ದರೆ, ಕಾಯ್ದೆಯ 19ನೇ ಕಲಂ ಪ್ರಕಾರ ಆ ವರ್ಗಾವಣೆ 5 ವರ್ಷಕ್ಕೆ ಅಂತ ತಿಳಿಯಬೇಕು. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಊರಿನಲ್ಲಿ ಟೈಪ್ ಮಾಡಿಸಿದ ಬಾಂಡ್‌ಗಳಲ್ಲಿ ಇದು ಬಿಟ್ಟುಹೋಗಿರುವುದನ್ನು ನಾನು ನೋಡಿದ್ದೇನೆ. "ಶಾಶ್ವತವಾಗಿ", "ವಿಶ್ವದಾದ್ಯಂತ" ಅಂತ ಬರೆದಿದ್ದರೆ ಈ ದಾರಿ ಇಲ್ಲ.

ಎರಡನೆಯದು, ಏನನ್ನು ಕೊಟ್ಟಿದ್ದೀರಿ ಅನ್ನುವುದು. "ಆಡಿಯೋ ಮತ್ತು ವಿಡಿಯೋ ಹಕ್ಕು" ಅಂತ ಮಾತ್ರ ಇದ್ದರೆ ಸಾಹಿತ್ಯ-ಧಾಟಿಯ ಹಕ್ಕು ನಿಮ್ಮಲ್ಲೇ ಉಳಿದಿದೆ ಅಂತ ವಾದಿಸಲು ಜಾಗ ಇದೆ. ಸಾಹಿತ್ಯ, ಸಂಗೀತ ಅಂತ ಬಿಡಿಸಿ ಬರೆದಿದ್ದರೆ ಆ ಹಕ್ಕೂ ಹೋಗಿದೆ.

ಮೂರನೆಯದು ನಿಮಗೆ ಹೆಚ್ಚು ಬೇಕಾದದ್ದು. ಹಕ್ಕು ಹೋಗಿದ್ದರೂ ರಾಯಲ್ಟಿ ಹೋಗಿಲ್ಲ. 2012ರಲ್ಲಿ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ, ಸಿನಿಮಾಕ್ಕೆ ಸೇರದ ಮುದ್ರಣಕ್ಕಾಗಿ ಸಾಹಿತ್ಯ ಅಥವಾ ಸಂಗೀತ ಬರೆದುಕೊಟ್ಟರೂ, ಅದರ ಯಾವುದೇ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು ಬರೆದವರಿಗೆ ಉಳಿಯುತ್ತದೆ. ಇದನ್ನು ಬಿಟ್ಟುಕೊಡುತ್ತೇನೆ ಅಂತ ಬಾಂಡ್‌ನಲ್ಲಿ ಬರೆದಿದ್ದರೂ ಆ ಸಾಲು ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ವಸೂಲಿಗಾಗಿ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಅಂದರೆ ಮೊದಲ ಹಾಡಿನಲ್ಲೂ ಸಾಹಿತಿಯಾಗಿ ನಿಮ್ಮ ಗೆಳೆಯನಿಗೆ, ಸಂಯೋಜಕರಾಗಿ ನಿಮಗೆ ಆ ಸಣ್ಣ ದಾರಿ ಇನ್ನೂ ತೆರೆದಿದೆ. ಇದು ಮಾಸ್ಟರ್‌ನ ದುಡ್ಡಿಗೆ ಅಲ್ಲ, ಯೂಟ್ಯೂಬ್ ಚಾನೆಲ್‌ನ ಜಾಹೀರಾತು ಗಳಿಕೆಗೂ ಅಲ್ಲ. ಚಾನೆಲ್‌ನ ಉದ್ದ ವಿಡಿಯೋಗಳ ಜಾಹೀರಾತು ಗಳಿಕೆಯಲ್ಲಿ ನೂರಕ್ಕೆ 55 ಭಾಗ ಚಾನೆಲ್ ಮಾಲೀಕರಿಗೆ ಹೋಗುತ್ತದೆ. 14 ಲಕ್ಷ ವ್ಯೂನ ದೊಡ್ಡ ಗಳಿಕೆ ಅದು, ಅದು ಕಂಪನಿಯದ್ದೇ. ಇದನ್ನು ಸುಮ್ನೆ ಸಿಹಿ ಮಾಡಿ ಹೇಳಲು ನನಗೆ ಇಷ್ಟ ಇಲ್ಲ.

ಕಂಪನಿಯವರು ನಿಮ್ಮ ಹೆಸರು ಸರಿಯಾಗಿ ಹಾಕಿದ್ದಾರಾ ಅಂತ ಮನೆಯಲ್ಲೇ ಕೂತು ನೋಡಬಹುದು. ಆ್ಯಪ್‌ನಲ್ಲಿ ಹಾಡಿನ ಅಥವಾ ಆಲ್ಬಮ್ ಪುಟದ ಕೆಳಗೆ ℗ ಗುರುತಿನ ಮುಂದೆ ಒಂದು ಹೆಸರು ಇರುತ್ತದೆ. ಮಾಸ್ಟರ್ ತಮ್ಮದು ಅಂತ ಹೇಳಿಕೊಂಡವರು ಅವರು. ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಕ್ರೆಡಿಟ್ಸ್ ಸಿಗುತ್ತದೆ, ಅಲ್ಲಿ ಬರೆದವರ ಹೆಸರು ಇರಬೇಕು. ಯೂಟ್ಯೂಬ್‌ನಲ್ಲಿ ಬರೀ ಕವರ್ ಚಿತ್ರದೊಂದಿಗೆ ತಾನೇ ತಯಾರಾದ ವಿಡಿಯೋ ಇದ್ದರೆ, ವಿವರಣೆಯ ಮೊದಲ ಸಾಲು "Provided to YouTube by" ಅಂತ ಶುರುವಾಗುತ್ತದೆ. ಅದರ ಮುಂದಿರುವುದು ಡಿಸ್ಟ್ರಿಬ್ಯೂಟರ್ ಅಥವಾ ಲೇಬಲ್ ಹೆಸರು. ಗೆಳೆಯನ ಹೆಸರಿನ ಜಾಗದಲ್ಲಿ ಕಂಪನಿ ಮಾಲೀಕರ ಹೆಸರೋ, ಬರೀ ನಿಮ್ಮ ಹೆಸರೋ ಇದ್ದರೆ ಈಗಲೇ ಇಮೇಲ್‌ನಲ್ಲಿ ತಿದ್ದಲು ಕೇಳಿ. ಫೋನ್ ಮಾತಿಗೆ ಸಾಕ್ಷಿ ಇರುವುದಿಲ್ಲ.

ಎರಡನೆಯ ಹಾಡಿಗೆ ನಿಮ್ಮ ಮುಂದೆ ಮೂರು ದಾರಿ ಇವೆ.

ಈಗಿನ ಹಾಗೆ ಸ್ವಂತಕ್ಕೆ ಇಟ್ಟುಕೊಳ್ಳಬಹುದು. ಗಳಿಕೆಯ ದೊಡ್ಡ ಭಾಗ ನಿಮ್ಮದು, ಪ್ರಚಾರದ ಭಾರವೂ ನಿಮ್ಮದು. ಎರಡು ಕಡೆ ಎಚ್ಚರ ಬೇಕು. ವಾರ್ಷಿಕ ಚಂದಾದ ಡಿಸ್ಟ್ರಿಬ್ಯೂಟರ್ ಆದರೆ ಚಂದಾ ನಿಂತ ದಿನ ಹಾಡು ಆ್ಯಪ್‌ಗಳಿಂದ ಇಳಿದುಹೋಗಬಹುದು. ಇನ್ನೊಂದು, "2,000 ಕೊಡಿ, ಲಕ್ಷ ಪ್ಲೇ ಮಾಡಿಸ್ತೀವಿ" ಅಂತ ವಾಟ್ಸಾಪ್‌ನಲ್ಲಿ ಬರುವವರು. ಅವರು ಓಡಿಸುವುದು ಯಂತ್ರದ ಪ್ಲೇ. ಆ್ಯಪ್ ಅದನ್ನು ಹಿಡಿದರೆ ಆ ಗಳಿಕೆ ರದ್ದು. ಸ್ಪಾಟಿಫೈ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ, ಡಿಸ್ಟ್ರಿಬ್ಯೂಟರ್ ಅದನ್ನು ನಿಮ್ಮ ಖಾತೆಯಲ್ಲಿ ಕಳೆಯಬಹುದು ಅಥವಾ ಹಾಡನ್ನೇ ತೆಗೆಯಬಹುದು. ಒಂದೇ ಊರಿನಿಂದ ಒಂದೇ ರಾತ್ರಿ ಸಾವಿರಾರು ಪ್ಲೇ, ಆದರೆ ಹಾಡನ್ನು ಉಳಿಸಿಕೊಂಡವರು ನಾಲ್ಕೇ ಜನ ಅಂತ ಕಂಡರೆ ಅದೇ ಅಂತ ತಿಳಿಯಿರಿ.

ಎರಡನೆಯ ದಾರಿ, ಮಾಸ್ಟರ್ ಅನ್ನು ಮಾರದೆ ಕೆಲವು ವರ್ಷಕ್ಕೆ ಕಂಪನಿಗೆ ಕೊಡುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಕೇಳುತ್ತಿದ್ದೆ. ಅವರ ಚಾನೆಲ್‌ಗೆ ಕೇಳುಗರು ಇದ್ದಾರೆ ಅನ್ನುವುದು ಮೊದಲ ಹಾಡಿನಲ್ಲೇ ಗೊತ್ತಾಗಿದೆ, ಅದಕ್ಕೆ ಬೆಲೆ ಇದೆ. ಮೂರರಿಂದ ಐದು ವರ್ಷ, ಗಳಿಕೆಯಲ್ಲಿ ಇಂತಿಷ್ಟು ಪಾಲು, ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್, ನಿಮ್ಮ ಲೆಕ್ಕಕ್ಕೆ ಯಾವ ಖರ್ಚು ಹಾಕಬಹುದು ಮತ್ತು ಎಷ್ಟರವರೆಗೆ, ಇಷ್ಟನ್ನು ಬರೆಸಿ. ಸಾಹಿತ್ಯ-ಧಾಟಿಯನ್ನು ಈ ಕಾಗದದ ಹೊರಗೆ ಇಡಿ. ಪಾಲು ಎಷ್ಟೇ ಒಳ್ಳೆಯದಿರಲಿ, ಖರ್ಚಿಗೆ ಮಿತಿ ಇಲ್ಲದಿದ್ದರೆ ಸ್ಟೇಟ್‌ಮೆಂಟ್ ವರ್ಷಗಟ್ಟಲೆ ಸೊನ್ನೆ ತೋರಿಸಬಹುದು.

ಮೂರನೆಯದು ಪೂರ್ತಿ ಮಾರಾಟ. ಇದನ್ನು ತಪ್ಪು ಅನ್ನಲಾರೆ. ನಿಮ್ಮ ಹಾಡು ಸ್ವಂತಕ್ಕೆ ಇದ್ದಾಗ ಇಲ್ಲಿವರೆಗೆ 1,700 ತಂದಿದೆ. ಕೈಗೆ 30,000 ಬಂದು ಮುಂದಿನ ಎರಡು ಹಾಡಿನ ಖರ್ಚು ನಡೆಯುತ್ತದೆ ಅಂದರೆ ಅದೂ ಒಂದು ವ್ಯವಹಾರ. ಆದರೆ ಅದು ಮಾರಾಟ ಅಂತ ತಿಳಿದೇ ಮಾರಿ, ಆಮೇಲೆ ವ್ಯೂ ಎಣಿಸಬೇಡಿ. ಮಾರುವ ಮುಂಚೆ ಈಗಿನ ಡಿಸ್ಟ್ರಿಬ್ಯೂಟರ್‌ನಿಂದ ಹಾಡು ಇಳಿಸಬೇಕು, ಹಳೆಯ ISRC ಅನ್ನು ಹೊಸಬರಿಗೆ ಕೊಡಬೇಕು. ಅದೇ ಮುದ್ರಣ ಎರಡು ಕಡೆಯಿಂದ ಹೋದರೆ ಯೂಟ್ಯೂಬ್‌ನಲ್ಲಿ ಇಬ್ಬರೂ ನಮ್ಮದು ಅಂತಾರೆ, ಜಗಳ ತೀರುವವರೆಗೆ ಹಣ ತಡೆಯಲ್ಲಿ ಇರುತ್ತದೆ. ಗುರುತು ಬದಲಾದರೆ 40,000 ಪ್ಲೇನ ಎಣಿಕೆಯೂ ಸೊನ್ನೆಯಿಂದ ಶುರುವಾಗಬಹುದು.

ಇಷ್ಟೆಲ್ಲಾ ಮಾಡುವ ಮುಂಚೆ ಹಾಡು ನಿಜವಾಗಿ ನಿಮ್ಮದೇನಾ ಅಂತ ಒಮ್ಮೆ ನೋಡಿಕೊಳ್ಳಿ. ನಮ್ಮ ಕಡೆಯ ಜಾನಪದ ಹಾಡುಗಳಲ್ಲಿ ಅರ್ಧಕ್ಕರ್ಧ ಸಿನಿಮಾ ಹಾಡಿನ ಧಾಟಿಗೆ ಹೊಸ ಸಾಹಿತ್ಯ ಕಟ್ಟಿದವು ಅನ್ನಿಸುತ್ತದೆ. ಆ ಧಾಟಿಯ ಹಕ್ಕು ಬೇರೆಯವರದ್ದು. ಕೇಳದೆ ಬಳಸಿದರೆ ಹಾಡು ಇಳಿಸುತ್ತಾರೆ, ಇಲ್ಲವೇ ಗಳಿಕೆಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಕಡಕೋಳ ಮಡಿವಾಳಪ್ಪನವರ ತತ್ವಪದವೋ ಬಸವಣ್ಣನವರ ವಚನವೋ ಆದರೆ ಸಾಹಿತ್ಯಕ್ಕೆ ಈಗ ಯಾರ ಕಾಪಿರೈಟೂ ಇಲ್ಲ. ಬರೆದವರು ತೀರಿಕೊಂಡ 60 ವರ್ಷದ ಮೇಲೆ ಅದು ಎಲ್ಲರದ್ದು. ನೀವು ಹಾಡಿದ ಮುದ್ರಣ ಮಾತ್ರ ನಿಮ್ಮದು. ಫಾರ್ಮ್‌ನಲ್ಲಿ ಸಾಹಿತಿ ಅಂತ ನಿಮ್ಮ ಹೆಸರು ಹಾಕಿಕೊಳ್ಳಬೇಡಿ. ಇಂಟರ್ನೆಟ್‌ನಲ್ಲಿ ಕೊಂಡ ಬೀಟ್ ಆದರೆ, ಅದೇ ಬೀಟ್ ನೂರು ಜನರ ಹತ್ತಿರ ಇರುತ್ತದೆ. ನಿಮ್ಮ ಧ್ವನಿಗೆ ಹೊಂದುವ ವಿಡಿಯೋಗಳನ್ನು ತಾನೇ ಹುಡುಕುವ ಯೂಟ್ಯೂಬ್ ವ್ಯವಸ್ಥೆಗೆ ಕಂಟೆಂಟ್ ಐಡಿ ಅನ್ನುತ್ತಾರೆ. ಡಿಸ್ಟ್ರಿಬ್ಯೂಟರ್ ಫಾರ್ಮ್‌ನಲ್ಲಿ ಆ ಆಯ್ಕೆಗೆ ಟಿಕ್ ಹಾಕಿದರೆ ಆ ನೂರು ಜನರ ವಿಡಿಯೋ ಮೇಲೆ ನಿಮ್ಮ ಕ್ಲೇಮ್ ಬೀಳುತ್ತದೆ, ಕೊನೆಗೆ ನಿಮ್ಮ ಖಾತೆಗೇ ತೊಂದರೆ.

ಸ್ಟುಡಿಯೋದ ಕೀಬೋರ್ಡ್‌ನವರ ವಿಷಯವೂ ಒಂದಿದೆ. ನಿಮ್ಮ ಧಾಟಿಗೆ ಅವರು ರಿದಂ, ಬಿಜಿಎಂ ತುಂಬಿದ್ದರೆ ಅದು ಸಾಮಾನ್ಯವಾಗಿ ಕೂಲಿ ಕೆಲಸ. ಆದರೆ ಜನ ಗುನುಗುವ ಆ ಶುರುವಿನ ರಾಗವನ್ನು ಅವರೇ ಕಟ್ಟಿದ್ದರೆ, ನಾನೂ ಸಂಯೋಜಕ ಅಂತ ಅವರು ಕೇಳಬಹುದು, ಕೇಳುವುದರಲ್ಲಿ ನ್ಯಾಯವೂ ಇರಬಹುದು. ರೆಕಾರ್ಡಿಂಗ್ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಸಾಹಿತ್ಯ ಯಾರದ್ದು ನೂರಕ್ಕೆ ಎಷ್ಟು, ಧಾಟಿ ಯಾರದ್ದು ಎಷ್ಟು, ಮಾಸ್ಟರ್ ಯಾರದ್ದು ಅಂತ ಬರೆದು ಮೂವರೂ ಸಹಿ ಹಾಕಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ, ಹಾಡು ಓಡಿದ ಮೇಲೆ ಇದನ್ನು ಬರೆಯಲು ಯಾರೂ ಕೂರುವುದಿಲ್ಲ.

ಐಪಿಆರ್‌ಎಸ್‌ಗೆ ನೀವು ಸಂಯೋಜಕರಾಗಿ, ಗೆಳೆಯ ಸಾಹಿತಿಯಾಗಿ, ಬೇರೆ ಬೇರೆ ಅರ್ಜಿ ಹಾಕಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಇದೆ. ಪ್ಯಾನ್, ಬ್ಯಾಂಕ್ ವಿವರ, ಬಿಡುಗಡೆಯಾದ ಹಾಡಿನ ವಿವರ ಬೇಕಾಗುತ್ತವೆ. ಸದಸ್ಯರಾದ ಮೇಲೆ ಎರಡೂ ಹಾಡನ್ನು ISRC ಸಹಿತ ನೋಂದಾಯಿಸಿ, ಇಬ್ಬರೂ ಒಂದೇ ಪಾಲು ಬರೆಯಿರಿ. ನೀವು 50 ಅಂತ, ಅವರು 60 ಅಂತ ಬರೆದರೆ ಒಟ್ಟು 110 ಆಗಿ ಹಣ ತಡೆದು ಕೂರುತ್ತದೆ. ಸದಸ್ಯರಾಗುವಾಗ ಕೆಲವು ಹಕ್ಕುಗಳನ್ನು ವಸೂಲಿಗಾಗಿ ಸೊಸೈಟಿಗೆ ಬರೆದುಕೊಡುತ್ತೀರಿ, ಆದ್ದರಿಂದ ಆಮೇಲೆ ಅದೇ ಹಕ್ಕನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಡಿಸ್ಟ್ರಿಬ್ಯೂಟರ್ ತನ್ನ ಪುಟದಲ್ಲಿ ಪಬ್ಲಿಷಿಂಗ್ ಸೇವೆ ಅಂತ ಬೇರೆ ದುಡ್ಡಿಗೆ ಮಾರುತ್ತಿದ್ದರೆ, ಸೊಸೈಟಿಗೆ ಕೊಟ್ಟ ಪ್ರದೇಶಕ್ಕೇ ಅದನ್ನೂ ತೆಗೆದುಕೊಳ್ಳಬೇಡಿ. ಮತ್ತೆ ಗೆಳೆಯನಿಗೆ ಹೇಳಿ, ಅರ್ಜಿಯಲ್ಲಿ ಪ್ಯಾನ್ ಕಾರ್ಡ್‌ನಲ್ಲಿರುವ ಹೆಸರನ್ನೇ ಬರೆಯಲಿ. ಹಾಡಿನ ಕೊನೆಗೆ ಹಾಕಿಕೊಳ್ಳುವ ಅಂಕಿತ, ಅಡ್ಡಹೆಸರು ಇದ್ದರೆ ಅದನ್ನು ಇನ್ನೊಂದು ಹೆಸರು ಅಂತ ಪಕ್ಕದಲ್ಲಿ ತೋರಿಸಲಿ.